ಒಂದುಗಳನ್ನು ಎಣಿಸಿದರೆ ಸಾಕೆ?

ಈಗಿನ ಮೊಬೈಲು ಫೋನುಗಳಲ್ಲಿಯೂ, ವಿದ್ಯಾರ್ಥಿಗಳು ಪ್ರಯೋಗಕ್ಕೆ ಕೊಳ್ಳುವ ಚಿಕ್ಕ ಎಲೆಕ್ಟ್ರಾನಿಕ್ ಫಲಕಗಳಲ್ಲಿಯೂ ಇರುವ ಮೈಕ್ರೊಫೋನು ಹಳೆಯ ಕಾಲದ ಮೈಕ್ರೊಫೋನಿನಂತೆ ಏರಿಳಿಯುವ ವಿದ್ಯುತ್ತನ್ನು ಹೊರಕ್ಕೆ ಕೊಡುವುದಿಲ್ಲ. ಸೊನ್ನೆ ಮತ್ತು ಒಂದುಗಳ ಒಂದೇ ಒಂದು ಸಾಲನ್ನು ಕೊಡುತ್ತದೆ. ಶಬ್ದದ ಒತ್ತಡ ಹೆಚ್ಚಿದಾಗ ಸಾಲಿನಲ್ಲಿ ಒಂದುಗಳು ದಟ್ಟವಾಗುವುವು, ಕಡಮೆಯಾದಾಗ ವಿರಳವಾಗುವುವು. ಈ ಸಾಲಿನಿಂದ ನಮಗೆ ರೂಢಿಯಲ್ಲಿರುವ ಧ್ವನಿಮಾದರಿಗಳನ್ನು, ಎಂದರೆ ಸೆಕೆಂಡಿಗೆ ಇಷ್ಟು ಸಾವಿರದಂತೆ ಬರುವ ಹದಿನಾರು ಬಿಟ್ಟುಗಳ ಸಂಖ್ಯೆಗಳನ್ನು, ಪಡೆಯುವುದು ಹೇಗೆ? ಈ ಪ್ರಶ್ನೆಗೆ ತರಗತಿಗಳಲ್ಲಿಯೂ ಕೈಪಿಡಿಗಳಲ್ಲಿಯೂ ಸಾಮಾನ್ಯವಾಗಿ ದೊರೆಯುವ ಉತ್ತರವು ಬಹು ಸುಲಭವಾದುದು: 'ಅರುವತ್ತನಾಲ್ಕು ಬಿಟ್ಟುಗಳನ್ನು ತೆಗೆದುಕೊಂಡು ಅದರಲ್ಲಿರುವ ಒಂದುಗಳನ್ನು ಎಣಿಸಿ; ಆ ಎಣಿಕೆಯೇ ಒಂದು ಮಾದರಿ.'

ಈ ಉತ್ತರವು ಸುಳ್ಳಲ್ಲ. ಆದರೆ ಅರ್ಧ ನಿಜ. ಪೂರ್ತಿ ಸುಳ್ಳಾಗಿದ್ದರೆ ಯಾರಾದರೂ ಬೇಗನೆ ತಿದ್ದುತ್ತಿದ್ದರು. ಅರ್ಧ ನಿಜವಾದುದರಿಂದಲೇ ಅದು ಪಾಠದಿಂದ ಪಾಠಕ್ಕೆ ದಾಟಿ ಹೋಗುತ್ತಿದೆ. ಇದನ್ನು ನಂಬಿ ಕೆಲಸಮಾಡಿದ ವಿದ್ಯಾರ್ಥಿಗಳು, ಬಂದ ಧ್ವನಿಯಲ್ಲಿ 'ಹುಸ್' ಎಂಬ ಗದ್ದಲವಲ್ಲದೆ ಮತ್ತೇನೂ ಕೇಳಿಸದಿದ್ದಾಗ, ಮೈಕ್ರೊಫೋನೇ ಕಳಪೆಯದೆಂದು ದೂರುವುದನ್ನು ನಾನು ಹಲವು ಸಲ ಕೇಳಿದ್ದೇನೆ. ದೋಷವು ಆ ಬಡ ಮೈಕ್ರೊಫೋನಿನದಲ್ಲ, ಎಣಿಕೆಯದು ಎಂಬುದನ್ನು ಲೆಕ್ಕಹಾಕಿ ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ವಸ್ತುವನ್ನು ನೋಡೋಣ. ನಾಲ್ಕು ಮಿಲಿಮೀಟರು ಉದ್ದ, ಮೂರು ಮಿಲಿಮೀಟರು ಅಗಲ, ಒಂದು ಮಿಲಿಮೀಟರು ಎತ್ತರದ ಒಂದು ಡಬ್ಬಿ. ಅದರಲ್ಲಿ ಗಾಳಿ ಹೊಗಲು ಒಂದು ಸೂಕ್ಷ್ಮ ರಂಧ್ರ. ಒಳಗೆ ಸಿಲಿಕಾನಿನ ಒಂದು ಚೂರು. ಅದರ ಮೇಲೆ ಮೈಕ್ರೊಮೀಟರಿನ ಆಸುಪಾಸಿನ ದಪ್ಪವುಳ್ಳ ಒಂದು ಪೊರೆ, ಅದಕ್ಕೆದುರಾಗಿ ಕೆಲವೇ ಮೈಕ್ರೊಮೀಟರುಗಳ ಅಂತರದಲ್ಲಿ ತೂತುಗಳಿರುವ ಗಟ್ಟಿಯಾದ ಇನ್ನೊಂದು ಫಲಕ. ಗಡಿಯಾರದ ಭಾಗಗಳನ್ನು ಕೊರೆದಂತೆ ಇವನ್ನು ಉಪಕರಣಗಳಿಂದ ಕೊರೆಯುವುದಿಲ್ಲ. ಗಣಕಯಂತ್ರದ ಚಿಪ್ಪುಗಳನ್ನು ಮಾಡುವ ರೀತಿಯಲ್ಲಿಯೇ ಪದರ ಹಚ್ಚಿ, ಬೇಡವಾದುದನ್ನು ರಾಸಾಯನಿಕಗಳಿಂದ ಕರಗಿಸಿ ಬಿಡಿಸುತ್ತಾರೆ. ಪೊರೆಯೂ ಫಲಕವೂ ಕೂಡಿ ಒಂದು ಕಂಡೆನ್ಸರು. ಶಬ್ದದಿಂದ ಪೊರೆ ಅಲುಗಿದರೆ ಅವುಗಳ ನಡುವಣ ವೋಲ್ಟೇಜು ಅಲ್ಪಸ್ವಲ್ಪ ಬದಲಾಗುತ್ತದೆ. ಅದೇ ಡಬ್ಬಿಯಲ್ಲಿರುವ ಎರಡನೆಯ ಚಿಪ್ಪು ಈ ಬದಲಾವಣೆಯನ್ನು ಸೊನ್ನೆ-ಒಂದುಗಳ ಸಾಲನ್ನಾಗಿ ಮಾಡುತ್ತದೆ. ಹೊರಗಿನಿಂದ ನಾವು ಕೊಡಬೇಕಾದುದು ವಿದ್ಯುತ್ತು ಮತ್ತು ಒಂದು ಗಡಿಯಾರದ ಬಡಿತ; ಬಡಿತಕ್ಕೊಂದರಂತೆ ಬಿಟ್ಟು ಹೊರಬರುವುದು. ಮಾತಿನ ಧ್ವನಿಗೆ ಅನುಕೂಲವಾದ ಒಂದು ಉದಾಹರಣೆಯನ್ನು ಹಿಡಿಯೋಣ: ಸೆಕೆಂಡಿಗೆ 10,24,000 ಬಡಿತಗಳು. ನಮಗೆ ಬೇಕಾದುದು ಸೆಕೆಂಡಿಗೆ 16,000 ಮಾದರಿಗಳು. ಎಂದರೆ 64 ಬಡಿತಗಳಿಗೆ ಒಂದು ಮಾದರಿ.

ಈಗ ಎಣಿಕೆಯನ್ನು ಪರೀಕ್ಷಿಸೋಣ. 64 ಬಿಟ್ಟುಗಳಲ್ಲಿ ಒಂದುಗಳ ಸಂಖ್ಯೆ ಸೊನ್ನೆಯಿಂದ 64ರವರೆಗೆ ಇರಬಹುದು. ನಿಶ್ಶಬ್ದದಲ್ಲಿ ಅದು 32. ಅತಿ ದೊಡ್ಡ ಶಬ್ದಕ್ಕೆ ಅತ್ತ 32, ಇತ್ತ 32. ಈ ಬಗೆಯ ಮೈಕ್ರೊಫೋನುಗಳಲ್ಲಿ ಸಾಮಾನ್ಯವಾಗಿ 'ಅತಿ ದೊಡ್ಡ ಶಬ್ದ'ವೆಂದರೆ 120 ಡೆಸಿಬೆಲ್, ಕಿವಿಗೆ ನೋವುಂಟುಮಾಡುವಷ್ಟು. ಒಂದು ಮೀಟರು ದೂರದಲ್ಲಿ ನಿಂತು ಸಾವಧಾನವಾಗಿ ಮಾತನಾಡುವವನ ಧ್ವನಿ ಸುಮಾರು 60 ಡೆಸಿಬೆಲ್. ನಡುವಣ ಅಂತರವು 60 ಡೆಸಿಬೆಲ್. ಅದನ್ನು ಒತ್ತಡದ ಲೆಕ್ಕದಲ್ಲಿ ಹೇಳುವುದಾದರೆ ಸಾವಿರದಲ್ಲಿ ಒಂದು ಭಾಗ. 32ರ ಸಾವಿರದ ಒಂದು ಭಾಗವೆಷ್ಟು? 0.032. ಎಂದರೆ ಮನುಷ್ಯನ ಮಾತು ನಮ್ಮ ಎಣಿಕೆಯನ್ನು ಒಂದರ ಮೂವತ್ತನೆಯ ಒಂದು ಪಾಲಿನಷ್ಟು ಮಾತ್ರ ಅಲುಗಿಸಬೇಕು! ಎಣಿಕೆಯಲ್ಲಿ ಪಾಲುಗಳಿಲ್ಲ, 32 ಉಂಟು, 33 ಉಂಟು. ಹೀಗಿರುವಾಗ ಮಾತು ಅದರಲ್ಲಿ ಎಲ್ಲಿ ಅಡಗೀತು?

ಆದರೂ ಅದೇ ಮೈಕ್ರೊಫೋನನ್ನು ಹಿಡಿದು ಫೋನಿನಲ್ಲಿ ಪಿಸುಮಾತನ್ನೂ ಕೇಳಿಸುತ್ತಾರೆ. ಆದುದರಿಂದ ಸಾಲಿನಲ್ಲಿ ಮಾತು ಇದೆ. ಅದನ್ನು ತೆಗೆಯುವ ಬಗೆ ಮಾತ್ರ ಬೇರೆ. ಆ ಬಗೆಯನ್ನು ತಿಳಿಯಬೇಕಾದರೆ ಸೊನ್ನೆ-ಒಂದುಗಳು ಹುಟ್ಟುವ ಕ್ರಮವನ್ನು ತಿಳಿಯಬೇಕು.

ಮನೆಗೆ ದಿನವೂ ಮೂರು ರೂಪಾಯಿಯ ಹೂವು ಕೊಡುವ ಹೂವಾಡಗಿತ್ತಿಯೊಬ್ಬಳಿದ್ದಾಳೆ ಎಂದು ಭಾವಿಸಿ. ಮನೆಯವರಲ್ಲಿ ಹತ್ತು ರೂಪಾಯಿಯ ನೋಟುಗಳಲ್ಲದೆ ಚಿಲ್ಲರೆಯಿಲ್ಲ. ಬಾಕಿಯನ್ನು ಬರೆದಿಡುತ್ತಾರೆ, ಬಾಕಿ ಹತ್ತು ರೂಪಾಯಿಗೆ ಮುಟ್ಟಿದ ಅಥವಾ ದಾಟಿದ ದಿನ ಒಂದು ನೋಟು ಕೊಡುತ್ತಾರೆ, ಉಳಿದುದನ್ನು ಮುಂದಕ್ಕೆ ಎಳೆಯುತ್ತಾರೆ. ಮೊದಲ ದಿನ ಬಾಕಿ 3, ಎರಡನೆಯ ದಿನ 6, ಮೂರನೆಯ ದಿನ 9. ನಾಲ್ಕನೆಯ ದಿನ 12. ನೋಟು ಕೊಟ್ಟು ಬಾಕಿ 2. ಮುಂದೆ 5, 8, ಏಳನೆಯ ದಿನ 11. ನೋಟು ಕೊಟ್ಟು ಬಾಕಿ 1. ಮುಂದೆ 4, 7, ಹತ್ತನೆಯ ದಿನ 10. ನೋಟು ಕೊಟ್ಟು ಬಾಕಿ ಸೊನ್ನೆ. ನೋಟು ಕೊಟ್ಟ ದಿನಕ್ಕೆ ಒಂದು, ಕೊಡದ ದಿನಕ್ಕೆ ಸೊನ್ನೆ ಎಂದು ಬರೆದರೆ ಸಾಲು ಹೀಗೆ: 0 0 0 1 0 0 1 0 0 1. ಹತ್ತರಲ್ಲಿ ಮೂರು ಒಂದುಗಳು. ಹೂವಿನ ಬೆಲೆ ನೋಟಿನ ಹತ್ತರಲ್ಲಿ ಮೂರು ಪಾಲು. ಮೈಕ್ರೊಫೋನಿನ ಎರಡನೆಯ ಚಿಪ್ಪು ಮಾಡುವ ಕೆಲಸವೂ ಇದೇ. ಹೂವಿನ ಬೆಲೆಗೆ ಬದಲು ಪೊರೆಯ ವೋಲ್ಟೇಜು, ಬಾಕಿಯ ಪುಸ್ತಕಕ್ಕೆ ಬದಲು ಒಂದು ಕಂಡೆನ್ಸರಿನಲ್ಲಿ ಕೂಡಿಟ್ಟ ವಿದ್ಯುತ್ತು. ಇದಕ್ಕೆ ಸಿಗ್ಮಾ-ಡೆಲ್ಟಾ ಮಾಡ್ಯುಲೇಟರು ಎಂದು ಹೆಸರು. ದೋಷವನ್ನು ಮರೆಯದೆ ಮುಂದಿನ ಲೆಕ್ಕಕ್ಕೆ ಒಯ್ಯುವ ಈ ಯುಕ್ತಿಗೆ ಅಮೆರಿಕದಲ್ಲಿ ಕಟ್ಲರ್ ಎಂಬವರು 1954ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ್ದರು. ಜಪಾನಿನ ಇನೋಸೆ, ಯಾಸುದಾ, ಮುರಾಕಾಮಿ ಎಂಬ ಮೂವರು 1962ರಲ್ಲಿ ಈಗಿನ ರೂಪದ ಯಂತ್ರವನ್ನು ವರ್ಣಿಸಿದರು. ಅಂಗೈಯಷ್ಟು ದೊಡ್ಡ ಮಂಡಲಗಳಿಗೆಂದು ಆಲೋಚಿಸಿದುದು ಈಗ ಅಕ್ಕಿಕಾಳಿನಷ್ಟು ಚೂರಿನಲ್ಲಿ ಅಡಗಿದೆ.

ಈಗ ಮುಖ್ಯವಾದ ಮಾತು. ಯಾವ ಅವಧಿಯನ್ನೇ ತೆಗೆದುಕೊಳ್ಳಿ, ಆ ಅವಧಿಯಲ್ಲಿ ಕೊಟ್ಟ ನೋಟುಗಳ ಮೊತ್ತವು ಕೊಂಡ ಹೂವಿನ ಮೊತ್ತಕ್ಕೆ ಆರಂಭದ ಬಾಕಿಯನ್ನು ಕೂಡಿಸಿ ಕೊನೆಯ ಬಾಕಿಯನ್ನು ಕಳೆದುದಕ್ಕೆ ಸರಿಯಾಗಿರುತ್ತದೆ. ನಡುವಣ ದಿನಗಳ ಬಾಕಿಗಳೆಲ್ಲ ಒಂದನ್ನೊಂದು ಹೊಡೆದುಹಾಕಿ ಹೋಗುವುವು. ಹೀಗಾಗಿ 64 ಬಡಿತಗಳ ಎಣಿಕೆಯಲ್ಲಿ ತಪ್ಪು ಇರುವುದು ಎರಡೇ ಕಡೆ: ಆರಂಭದ ಅಂಚಿನಲ್ಲಿ, ಕೊನೆಯ ಅಂಚಿನಲ್ಲಿ. ಆದರೆ ಆ ಎರಡು ಅಂಚುಗಳ ಬಾಕಿ ಸೊನ್ನೆಯಿಂದ ಒಂದರ ನಡುವೆ ಎಷ್ಟಾದರೂ ಇರಬಹುದು. ಇವು ಮನಬಂದಂತೆ ಇರುವುವೆಂದು ಇಟ್ಟುಕೊಂಡು ಸರಾಸರಿ ತಪ್ಪನ್ನು ಲೆಕ್ಕಹಾಕಿದರೆ ಸುಮಾರು 0.4 ಬರುತ್ತದೆ. ಮಾತು ಅಲುಗಿಸಬೇಕಾದುದು 0.032, ಅಂಚಿನ ತಪ್ಪು 0.4. ಹತ್ತು ಪಟ್ಟಿಗೂ ಹೆಚ್ಚಿನ ಗದ್ದಲದಲ್ಲಿ ಮಾತು ಮುಳುಗಿತು. ಇದನ್ನೇ ಡೆಸಿಬೆಲ್ಲಿನಲ್ಲಿ ಹೇಳಿದರೆ, ಎಣಿಕೆಯ ತಪ್ಪು ಅತಿ ದೊಡ್ಡ ಶಬ್ದಕ್ಕಿಂತ 35 ಡೆಸಿಬೆಲ್ಲಿನಷ್ಟು ಮಾತ್ರ ಕೆಳಗಿದೆ. 120ರಲ್ಲಿ 35 ಕಳೆದರೆ 85. ವಾಹನಗಳು ಕಿಕ್ಕಿರಿದ ರಸ್ತೆಯ ಗದ್ದಲವನ್ನು ತನ್ನೊಳಗೇ ಹೊತ್ತಿರುವ ಮೈಕ್ರೊಫೋನನ್ನು ನಾವು ಎಣಿಕೆಯಿಂದ ತಯಾರಿಸಿದಂತಾಯಿತು. ಆದರೆ ಒಳ್ಳೆಯ ಮೈಕ್ರೊಫೋನಿನ ತಯಾರಕನು ತನ್ನ ವಸ್ತುವಿನ ಸ್ವಂತ ಗದ್ದಲವು 30 ಡೆಸಿಬೆಲ್ಲಿನಷ್ಟೆಂದು ಬರೆದು ಕೊಟ್ಟಿರುತ್ತಾನೆ. ಅವನು ಕೊಟ್ಟುದರಲ್ಲಿ 55 ಡೆಸಿಬೆಲ್ಲನ್ನು ನಾವು ಬಾಗಿಲಲ್ಲೇ ಚೆಲ್ಲಿದೆವು.

ತಪ್ಪು ಅಂಚುಗಳಲ್ಲಿದೆ ಎಂದ ಮೇಲೆ ಪರಿಹಾರವೂ ಅಲ್ಲಿಯೇ ಇರಬೇಕು. ಎಣಿಸುವಾಗ ನಾವು 64 ಬಿಟ್ಟುಗಳಿಗೂ ಸಮಾನವಾದ ತೂಕ ಕೊಟ್ಟೆವು. ಅದರ ಆಚೆಯ ಬಿಟ್ಟಿಗೆ ಏನೂ ಕೊಡಲಿಲ್ಲ. ತೂಕವು ಒಮ್ಮೆಗೇ ಸೊನ್ನೆಯಿಂದ ಒಂದಕ್ಕೆ ನೆಗೆಯಿತು, ಒಮ್ಮೆಗೇ ಬಿದ್ದಿತು. ಹೀಗೆ ನೆಗೆಯುವ ಬದಲು ಮೆಟ್ಟಲು ಹತ್ತಿದಂತೆ ಹತ್ತಿಸಿ ಇಳಿಸಿದರೆ? ಮೊದಲ ಬಿಟ್ಟಿಗೆ 1, ಎರಡನೆಯದಕ್ಕೆ 2, ಹೀಗೆ 64ರವರೆಗೆ ಏರಿ, ಮತ್ತೆ 63, 62 ಎಂದು ಒಂದಕ್ಕೆ ಇಳಿಯುವ ತೂಕಗಳು. ಒಟ್ಟು 127 ಬಿಟ್ಟುಗಳು, ತೂಕಗಳ ಮೊತ್ತ 4096. ಈಗ ಪ್ರತಿ ಬಾಕಿಯೂ ಪಕ್ಕದ ಎರಡು ತೂಕಗಳ ವ್ಯತ್ಯಾಸದಷ್ಟು ಮಾತ್ರ ತಪ್ಪಿಗೆ ಸೇರುತ್ತದೆ. ಆ ವ್ಯತ್ಯಾಸವು ಎಲ್ಲೆಡೆಯೂ ಒಂದೇ. 128 ಬಾಕಿಗಳು ಸೇರುವುವಾದರೂ, ಕೆಲವು ಕೂಡಿ ಕೆಲವು ಕಳೆದು, ಒಟ್ಟಿನಲ್ಲಿ ಮೂರಕ್ಕಿಂತ ಸ್ವಲ್ಪ ಹೆಚ್ಚು ಉಳಿಯುತ್ತದೆ. 64ರಲ್ಲಿ 0.4ರ ತಪ್ಪಿಗೆ ಬದಲು 4096ರಲ್ಲಿ 3.3ರ ತಪ್ಪು: ಎಂಟು ಪಟ್ಟು ಉತ್ತಮ. ಯಾವ ಹೊಸ ಉಪಕರಣವೂ ಇಲ್ಲದೆ, ಅದೇ ಬಿಟ್ಟುಗಳಿಂದ!

ಇಲ್ಲಿ ಗಮನಿಸತಕ್ಕುದೊಂದುಂಟು. ಮಾದರಿಗಳು 64 ಬಡಿತಗಳಿಗೊಮ್ಮೆ ಹೊರಡುವುವು, ಆದರೆ ಪ್ರತಿ ಮಾದರಿಗೂ ನಾವು 127 ಬಿಟ್ಟುಗಳನ್ನು ನೋಡುತ್ತೇವೆ. ಹಾಗಾದರೆ ಒಂದೇ ಬಿಟ್ಟು ಎರಡು ಮಾದರಿಗಳಲ್ಲಿ ಲೆಕ್ಕಕ್ಕೆ ಬಂತಲ್ಲ, ಇದು ಮೋಸವಲ್ಲವೆ ಎಂದು ವಿದ್ಯಾರ್ಥಿಗಳು ಕೇಳುವರು. ಮೋಸವಲ್ಲ. ಬಿಟ್ಟುಗಳನ್ನು 64ರ ಕಟ್ಟುಗಳಾಗಿ ಹರಿದು ಹಂಚಬೇಕೆಂಬ ನಿಯಮವನ್ನು ಮೈಕ್ರೊಫೋನು ವಿಧಿಸಿಲ್ಲ. ಎಣಿಕೆಯ ಪಾಠವನ್ನು ಹೇಳಿಕೊಟ್ಟವರು ವಿಧಿಸಿದ್ದು ಅದು. ಆ ಪಾಠಕ್ಕೆ ನನ್ನ ಮುಖ್ಯವಾದ ಆಕ್ಷೇಪಣೆಯೂ ಇದೇ. ಅದು ಉತ್ತರವನ್ನು ತಪ್ಪಾಗಿ ಹೇಳುವುದಕ್ಕಿಂತ ಹೆಚ್ಚಾಗಿ, ಕಟ್ಟು ಕಟ್ಟಾಗಿ ಯೋಚಿಸುವ ಅಭ್ಯಾಸವನ್ನು ಅಂಟಿಸಿ, ಮುಂದೆ ಸರಿಯಾದುದನ್ನು ಕಲಿಯುವಾಗ ಅಡ್ಡ ಬರುತ್ತದೆ.

ಎಂಟು ಪಟ್ಟು ಉತ್ತಮವಾದರೂ ಹೂವಿನ ಬಾಕಿಯಂಥ ಸರಳ ಮಾಡ್ಯುಲೇಟರಿನಿಂದ ಬಂದ ಮಾತು ಇನ್ನೂ ಗದ್ದಲದಿಂದ ತಲೆಯೆತ್ತುವುದಿಲ್ಲ. ಅದಕ್ಕೆ ಇನ್ನೊಂದು ಕೆಟ್ಟ ಗುಣವೂ ಉಂಟು. ಒಳಬರುವ ವೋಲ್ಟೇಜು ಬದಲಾಗದೆ ನಿಂತು, ಪೂರ್ಣಪ್ರಮಾಣದ ಸಾವಿರದ ಒಂದು ಭಾಗದಷ್ಟಿದ್ದರೆ, ಸಾವಿರ ಬಡಿತಗಳಿಗೊಂದು ಸಲ ಸರಿಯಾಗಿ ಒಂದು 'ಒಂದು' ಹೊರಡುತ್ತದೆ. ಸೆಕೆಂಡಿಗೆ 1024 ಸಲ. ಶಬ್ದವೇ ಇಲ್ಲದಲ್ಲಿ ಸ್ಪಷ್ಟವಾದ ಒಂದು ಸಿಳ್ಳು! ಈ ಕಾರಣಗಳಿಂದ ಮೈಕ್ರೊಫೋನು ಮಾಡುವವರು ಬಾಕಿಯ ಒಂದೇ ಪುಸ್ತಕದಿಂದ ತೃಪ್ತರಾಗುವುದಿಲ್ಲ. ಬಾಕಿಗಳ ಮೊತ್ತಕ್ಕೂ ಒಂದು ಪುಸ್ತಕವಿಟ್ಟು, ಅದರ ಮೊತ್ತಕ್ಕೆ ಇನ್ನೊಂದನ್ನಿಟ್ಟು, ಹೀಗೆ ನಾಲ್ಕು ಪುಸ್ತಕಗಳವರೆಗೆ ಹೋಗುತ್ತಾರೆ. ಇದಕ್ಕೆ ನಾಲ್ಕನೆಯ ಶ್ರೇಣಿಯ ಮಾಡ್ಯುಲೇಟರು ಎಂದು ಹೆಸರು. ಪ್ರತಿ ಪುಸ್ತಕವೂ ತಪ್ಪನ್ನು ನಿಧಾನವಾದ ಕಂಪನಗಳಿಂದ, ಎಂದರೆ ನಾವು ಕೇಳುವ ಸ್ವರಗಳಿಂದ, ಹೊರದೂಡಿ ಕಿವಿಗೆ ಕೇಳಿಸದ ಅತಿವೇಗದ ಕಂಪನಗಳ ಕಡೆಗೆ ಅಟ್ಟುತ್ತದೆ.

ಎರಡು ಪುಸ್ತಕಗಳ ಮೈಕ್ರೊಫೋನನ್ನು ತೆಗೆದುಕೊಂಡು ಮೊದಲಿನ ಲೆಕ್ಕವನ್ನೇ ಮಾಡಿ ನೋಡಿ. ಈಗ ತಪ್ಪಿಗೆ ಸೇರುವುದು ತೂಕಗಳ ವ್ಯತ್ಯಾಸವಲ್ಲ, ವ್ಯತ್ಯಾಸದ ವ್ಯತ್ಯಾಸ. ಏರಿ ಇಳಿಯುವ ತ್ರಿಕೋನದ ತೂಕಗಳಲ್ಲಿ ವ್ಯತ್ಯಾಸವು ಬದಲಾಗುವುದು ಮೂರೇ ಕಡೆ: ಏರಲಾರಂಭಿಸುವಲ್ಲಿ, ತುದಿಯಲ್ಲಿ, ಇಳಿದು ಮುಗಿಯುವಲ್ಲಿ. 127 ಬಿಟ್ಟುಗಳಿದ್ದರೂ ಮೂರೇ ಬಾಕಿಗಳು ಉಳಿದುವು. ಒಂದು ಪುಸ್ತಕಕ್ಕೆ ಬರಿಯ ಎಣಿಕೆ ಹೇಗೋ, ಎರಡು ಪುಸ್ತಕಗಳಿಗೆ ತ್ರಿಕೋನವು ಹಾಗೆ. ಬಾಕಿಗಳನ್ನು ಅಂಚುಗಳಿಗೆ ತಳ್ಳುತ್ತದೆ, ಅಂಚುಗಳನ್ನು ನುಣುಪುಮಾಡುವುದಿಲ್ಲ. ಅದಕ್ಕೆ ಇನ್ನೊಂದು ಹಂತ ಬೇಕು. ತ್ರಿಕೋನವನ್ನೇ ಮತ್ತೆ 64ರ ಸರಾಸರಿಯಿಂದ ಸವರಿದರೆ ಗಂಟೆಯಾಕಾರದ ತೂಕಗಳು ದೊರೆಯುವುವು; ಆಗ ಮತ್ತೆ ಎಂಟು ಪಟ್ಟು ಲಾಭ. ಇದರಿಂದಲೇ ಒಂದು ನಿಯಮ ಹುಟ್ಟಿದೆ: ಮೈಕ್ರೊಫೋನಿನಲ್ಲಿ ಎಷ್ಟು ಪುಸ್ತಕಗಳುಂಟೋ ಅದಕ್ಕಿಂತ ಒಂದು ಹೆಚ್ಚಿನ ಸಲ ಸವರಬೇಕು. ನಾಲ್ಕು ಪುಸ್ತಕಗಳಿಗೆ ಐದು ಸಲ. ನಿಯಮವನ್ನು ಬಾಯಿಪಾಠ ಮಾಡಿದವರು ಅನೇಕರಿದ್ದಾರೆ; ಅಂಚಿನ ಬಾಕಿಗಳನ್ನು ಎಣಿಸಿ ನೋಡಿದವರಿಗೆ ಬಾಯಿಪಾಠದ ಅಗತ್ಯವಿಲ್ಲ. ಬರಿಯ ಎಣಿಕೆಯವನಿಗಾದರೋ ನಾಲ್ಕು ಪುಸ್ತಕಗಳ ಮೈಕ್ರೊಫೋನನ್ನು ಕೊಟ್ಟರೂ ಪ್ರಯೋಜನವಿಲ್ಲ. ಅಂಚಿನ ತಪ್ಪು ಅಷ್ಟೇ ಇರುತ್ತದೆ, ಹೆಚ್ಚಾದರೂ ಆದೀತು.

ಇಷ್ಟೆಲ್ಲ ತೂಕಗಳಿಂದ ಗುಣಿಸುತ್ತ ಕುಳಿತರೆ ಸೆಕೆಂಡಿಗೆ ಹತ್ತು ಲಕ್ಷ ಬಿಟ್ಟುಗಳನ್ನು ನುಂಗುವುದು ಚಿಕ್ಕ ಗಣಕಕ್ಕೆ ಕಷ್ಟವಾಗದೆ? ಹಾಗೆ ಮಾಡಬೇಕಾಗಿಲ್ಲವೆಂದು 1981ರಲ್ಲಿ ಹೋಗೆನಾವರ್ ಎಂಬ ಎಂಜಿನಿಯರು ತೋರಿಸಿದರು. ಅವರ ಉಪಾಯವನ್ನು ವಿದ್ಯುತ್ ಮೀಟರಿನಿಂದ ತಿಳಿಯಬಹುದು. ಮೀಟರು ಬಳಸಿದ ವಿದ್ಯುತ್ತನ್ನು ಕೂಡಿಸುತ್ತಲೇ ಹೋಗುತ್ತದೆ. ಎಂದೂ ಸೊನ್ನೆಗೆ ತಿರುಗಿಸುವುದಿಲ್ಲ. ತಿಂಗಳಿಗೊಮ್ಮೆ ಬರುವವನು ಈ ತಿಂಗಳ ಅಂಕದಿಂದ ಕಳೆದ ತಿಂಗಳ ಅಂಕವನ್ನು ಕಳೆಯುತ್ತಾನೆ. ಇದೇ ರೀತಿ ಬಿಟ್ಟುಗಳನ್ನು ಬಡಿತ ಬಡಿತಕ್ಕೂ ಕೂಡಿಸುತ್ತ ಹೋಗಿ, 64 ಬಡಿತಗಳಿಗೊಮ್ಮೆ ಅಂಕವನ್ನು ಓದಿ ಹಿಂದಿನ ಅಂಕವನ್ನು ಕಳೆದರೆ 64ರ ಎಣಿಕೆ ಬಂತು. ಐದು ಸಲ ಸವರಬೇಕಾದರೆ ಐದು ಮೀಟರುಗಳನ್ನು ಒಂದರ ಹಿಂದೊಂದು ಕಟ್ಟಿ, ಮೊದಲನೆಯದರ ಅಂಕವನ್ನು ಎರಡನೆಯದಕ್ಕೆ, ಎರಡನೆಯದರದನ್ನು ಮೂರನೆಯದಕ್ಕೆ ಉಣಿಸಬೇಕು. ಕೊನೆಯದರ ಅಂಕವನ್ನು 64ಕ್ಕೊಮ್ಮೆ ಓದಿ, ಐದು ಸಲ ಹಿಂದಿನದರಿಂದ ಕಳೆಯಬೇಕು. ಗುಣಾಕಾರವೇ ಇಲ್ಲ. ವೇಗವಾಗಿ ನಡೆಯಬೇಕಾದುದು ಐದು ಕೂಡಿಕೆ. ಕಳೆಯುವ ಕೆಲಸ ಸಾವಕಾಶವಾಗಿ 64ಕ್ಕೊಮ್ಮೆ. ಹೀಗೆ ಅಂಕಗಳಲ್ಲಿ ಒಂದನ್ನುಳಿಸಿ ಮಿಕ್ಕವನ್ನು ಬಿಡುವುದಕ್ಕೆ ಡೆಸಿಮೇಷನ್ ಎಂದು ಹೆಸರು. ರೋಮನರ ಸೈನ್ಯದಲ್ಲಿ ದಂಗೆಯೆದ್ದವರಲ್ಲಿ ಹತ್ತರಲ್ಲೊಬ್ಬನನ್ನು ಕೊಲ್ಲುತ್ತಿದ್ದ ಶಿಕ್ಷೆಯ ಹೆಸರು ಅದು. ಇಲ್ಲಿ ಕ್ರೌರ್ಯವು ಹೆಚ್ಚು. ಅರುವತ್ತನಾಲ್ವರಲ್ಲಿ ಬದುಕುವವನೇ ಒಬ್ಬ.

ಐದನೆಯ ಮೀಟರಿನ ಅಂಕವು ಬೆಳೆಯುತ್ತ ಹೋಗಿ ತುಂಬಿಬಿಡುವುದಿಲ್ಲವೆ? ತುಂಬುತ್ತದೆ, ಬಹು ಬೇಗ ತುಂಬುತ್ತದೆ. ಚಿಂತೆಯಿಲ್ಲ. ಐದು ಅಂಕಿಗಳ ಮನೆಯ ಮೀಟರು ಕಳೆದ ತಿಂಗಳು 99950 ತೋರಿಸುತ್ತಿತ್ತು, ಈ ತಿಂಗಳು ಸುತ್ತುಹಾಕಿ 00030 ತೋರಿಸುತ್ತದೆ ಎನ್ನಿ. ಬಳಸಿದುದು 80 ಎಂದು ಎಲ್ಲರೂ ಬಲ್ಲರು. ಒಂದು ತಿಂಗಳ ಬಳಕೆ ಮೀಟರಿನ ಪೂರ್ಣ ಸುತ್ತಿಗಿಂತ ಕಡಮೆಯಿದ್ದರೆ ಸಾಕು. ನಮ್ಮ ಲೆಕ್ಕದಲ್ಲಿ 'ತಿಂಗಳ ಬಳಕೆ'ಯ ಮೇಲ್ಮಿತಿಯು 64ನ್ನು ಐದು ಸಲ ಗುಣಿಸಿದಷ್ಟು, ಎಂದರೆ 2ರ ಮೂವತ್ತನೆಯ ಘಾತ. ಗಣಕದ 32 ಬಿಟ್ಟುಗಳ ಸಾಮಾನ್ಯ ಕೋಶದಲ್ಲಿ ಹಿಡಿಸುತ್ತದೆ. ಇಲ್ಲಿಯೇ ಬಹಳ ಮಂದಿ ಎಡವುತ್ತಾರೆ. ತುಂಬಿ ಸುತ್ತುವುದನ್ನು ಕಂಡು ಹೆದರಿ, ತುಂಬಿದಾಗ ಅಲ್ಲಿಯೇ ನಿಲ್ಲುವ ಕೂಡಿಕೆಯನ್ನೋ ದಶಮಾಂಶದ ಸಂಖ್ಯೆಗಳನ್ನೋ ಬಳಸುತ್ತಾರೆ. ನಿಂತ ಮೀಟರು ತನ್ನ ಲೆಕ್ಕವನ್ನು ಕಳೆದುಕೊಂಡಿತು. ದಶಮಾಂಶದ ಸಂಖ್ಯೆ ಬೆಳೆದಂತೆಲ್ಲ ತನ್ನ ಕೊನೆಯ ಅಂಕಿಗಳನ್ನು ಉದುರಿಸುತ್ತದೆ, ಉದುರಿದ ಅಂಕಿ ಮರಳಿ ಬಾರದು. ಮೊದಲ ಕೆಲವು ಸೆಕೆಂಡು ಚೆನ್ನಾಗಿದ್ದು ಆಮೇಲೆ ಧ್ವನಿ ಕೆಡುತ್ತ ಬಂದರೆ ಈ ರೋಗವನ್ನು ಸಂಶಯಿಸಬೇಕು.

ಈ ಫಿಲ್ಟರಿಗೂ ಒಂದು ಬೆಲೆಯುಂಟು, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಐದು ಸಲ ಸವರುವಾಗ ಬಾಕಿಗಳ ಜೊತೆಗೆ ಧ್ವನಿಯ ಎತ್ತರದ ಸ್ವರಗಳೂ ಸವೆಯುತ್ತವೆ. 64ರಿಂದ ಒಮ್ಮೆಗೇ ಇಳಿಸಿದರೆ ಸೆಕೆಂಡಿಗೆ 4000 ಕಂಪನಗಳ ಸ್ವರವು ಸುಮಾರು ನಾಲ್ಕೂವರೆ ಡೆಸಿಬೆಲ್ ಕುಗ್ಗಿ, ಮೂಲದ ಹತ್ತರಲ್ಲಿ ಆರು ಪಾಲು ಮಾತ್ರ ಉಳಿಯುತ್ತದೆ. 8000ದ ಹತ್ತಿರ ಹತ್ತರಲ್ಲೊಂದು ಪಾಲು. ಸ, ಶ ಮುಂತಾದ ಊಷ್ಮಾಕ್ಷರಗಳ ಹರಿತವೆಲ್ಲ ಇರುವುದು ಅಲ್ಲಿಯೇ. ಮಾತು ಕಂಬಳಿ ಹೊದ್ದಂತೆ ಕೇಳಿಸಿದರೆ ಕಾರಣವಿದು. ಆದುದರಿಂದ ಬಲ್ಲವರು ಮೀಟರುಗಳ ಕೆಲಸವನ್ನು 16ಕ್ಕೆ ನಿಲ್ಲಿಸುತ್ತಾರೆ. ಸೆಕೆಂಡಿಗೆ 64,000 ಮಾದರಿಗಳಾದ ಮೇಲೆ, ಉಳಿದ ನಾಲ್ಕರ ಇಳಿಕೆಯನ್ನು ಗುಣಾಕಾರದಿಂದ ಕೂಡಿದ ಚೂಪಾದ ಫಿಲ್ಟರಿಗೆ ಒಪ್ಪಿಸುತ್ತಾರೆ. ಆ ವೇಗಕ್ಕೆ ಗುಣಾಕಾರವು ಭಾರವಾಗುವುದಿಲ್ಲ. ಮೀಟರುಗಳಿಂದ 4000ದ ಸ್ವರಕ್ಕಾಗುವ ನಷ್ಟವು ಆಗ ಡೆಸಿಬೆಲ್ಲಿನ ಕಾಲು ಭಾಗಕ್ಕಿಂತ ತುಸು ಹೆಚ್ಚು; 7000ಕ್ಕೆ ಒಂದಕ್ಕಿಂತ ಕಡಮೆ. ಅದನ್ನೂ ಎರಡನೆಯ ಫಿಲ್ಟರಿನ ತೂಕಗಳಲ್ಲಿ ತುಂಬಿಕೊಡಬಹುದು. ಅತ್ತ ಮೇಲಿನ ಕಂಪನಗಳ ಗದ್ದಲವು 64,000ಕ್ಕೆ ಇಳಿಸುವಾಗ ಮಡಿಸಿಕೊಂಡು ಮಾತಿನ ಮೇಲೆ ಬೀಳುವುದುಂಟಷ್ಟೆ. ಅದನ್ನು ಐದು ಸಲದ ಸವರುವಿಕೆಯು 90 ಡೆಸಿಬೆಲ್ಲಿಗೂ ಹೆಚ್ಚು ತಗ್ಗಿಸಿರುತ್ತದೆ. ಒಂದೇ ಸಲ ಸವರಿದ್ದರೆ 18 ಮಾತ್ರ.

ಇಷ್ಟನ್ನೂ ಹೇಳಿದಾಗ ಕೆಲವು ಅಧ್ಯಾಪಕರು ಹೇಳುವುದೇನೆಂದರೆ, ಈಗಿನ ಅನೇಕ ಚಿಪ್ಪುಗಳಲ್ಲಿ ಈ ಫಿಲ್ಟರು ತಯಾರಾಗಿಯೇ ಇರುತ್ತದೆ, ವಿದ್ಯಾರ್ಥಿಗೆ ಇದರ ಗೊಡವೆಯೇಕೆ ಎಂದು. ಮಾರಾಟದ ವಸ್ತುವನ್ನು ಮಾಡುವವನಿಗೆ ಅದು ಸರಿ. ತಯಾರಾಗಿರುವುದನ್ನು ಬಿಟ್ಟು ಹೊಸದನ್ನು ಕಟ್ಟುವುದು ಕಾಲಹರಣ. ಆದರೆ ಆ ಚಿಪ್ಪಿನಲ್ಲಿಯೂ ಎಷ್ಟನೆಯ ಶ್ರೇಣಿ, ಎಷ್ಟರಿಂದ ಇಳಿಕೆ ಎಂಬುದನ್ನು ಬಳಸುವವನೇ ಆರಿಸಬೇಕಾಗಿ ಬರುವ ಸಂದರ್ಭಗಳಿವೆ. ಬಾಕಿಯ ಲೆಕ್ಕ ತಿಳಿಯದವನು ಅಲ್ಲಿ ಏನನ್ನು ಆರಿಸಿಯಾನು? ಚಪ್ಪಾಳೆಯ ಸದ್ದಿಗೆ ದೀಪ ಹೊತ್ತಿಸುವುದಷ್ಟೇ ಉದ್ದೇಶವಾದರೆ ಬರಿಯ ಎಣಿಕೆಯೂ ಸಾಕೆಂಬುದನ್ನು ನಾನು ಒಪ್ಪುತ್ತೇನೆ. ಅದನ್ನು ಹಾಗೆಂದೇ ಹೇಳಿ ಕಲಿಸಲಿ. ಮಾತನ್ನು ಹಿಡಿಯುವ ಉಪಾಯವೆಂದು ಕಲಿಸುವುದು ಬೇಡ.

ನನ್ನ ಸೂಚನೆ ಇಷ್ಟು. ಮೈಕ್ರೊಫೋನಿಗೆ ಕೈಹಾಕುವ ಮೊದಲು ಹೂವಿನ ಬಾಕಿಯ ಯಂತ್ರವನ್ನು ಗಣಕದಲ್ಲಿ ಹತ್ತು ಸಾಲುಗಳಲ್ಲಿ ಬರೆಯಿಸಬೇಕು. ಪೂರ್ಣಪ್ರಮಾಣದ ಸಾವಿರದ ಒಂದು ಭಾಗದ ಸ್ವರವನ್ನು ಅದಕ್ಕೆ ಕೊಟ್ಟು, ಎಣಿಕೆಯಿಂದ ಒಮ್ಮೆ, ತ್ರಿಕೋನದಿಂದ ಒಮ್ಮೆ ಮಾದರಿಗಳನ್ನು ತೆಗೆಯಿಸಬೇಕು. ಆಮೇಲೆ ಎರಡು ಪುಸ್ತಕಗಳ ಯಂತ್ರ, ಮೂರು ಸಲದ ಸವರುವಿಕೆ. ಸ್ವರವು ಗದ್ದಲದಿಂದ ಮೇಲೇಳುವುದು ಯಾವ ಹಂತದಲ್ಲೆಂಬುದನ್ನು ವಿದ್ಯಾರ್ಥಿಯೇ ಕಾಣಲಿ.

ನಿಜವಾದ ಮೈಕ್ರೊಫೋನು ಕೈಗೆ ಬಂದ ಮೇಲೆ ಪರೀಕ್ಷೆ ಇನ್ನೂ ಸುಲಭ. ರಾತ್ರಿಯ ಹೊತ್ತು, ಬೀಸಣಿಗೆ ನಿಲ್ಲಿಸಿದ ಕೋಣೆಯಲ್ಲಿ, ಹತ್ತು ಸೆಕೆಂಡಿನ ಮೌನವನ್ನು ದಾಖಲಿಸಿಕೊಳ್ಳಿ. ಮಾದರಿಗಳ ಸರಾಸರಿಯು ಸೊನ್ನೆಯಲ್ಲಿರದೆ ತುಸು ಅತ್ತಿತ್ತ ಇರುವುದು ಈ ಮೈಕ್ರೊಫೋನುಗಳ ಸ್ವಭಾವ. ಅದನ್ನು ಮೊದಲು ಕಳೆದುಬಿಡಿ. ಉಳಿದ ಏರಿಳಿತದ ವರ್ಗಗಳ ಸರಾಸರಿಯನ್ನು ತೆಗೆದು ವರ್ಗಮೂಲವನ್ನು ಕಂಡುಹಿಡಿಯಿರಿ. ಹದಿನಾರು ಬಿಟ್ಟುಗಳ ಅಳತೆಯಲ್ಲಿ ಅದು ಎರಡು ಮೂರು ಅಂಕಗಳಾಗಿದ್ದರೆ ನೀವು ಕೇಳುತ್ತಿರುವುದು ಕೋಣೆಯ ಮೌನವನ್ನು. ನಾಲ್ಕು ನೂರರ ಆಸುಪಾಸಿನಲ್ಲಿದ್ದರೆ, ಮೈಕ್ರೊಫೋನನ್ನು ಅಂಗಡಿಗೆ ಹಿಂದಿರುಗಿಸುವ ಮುನ್ನ ನಿಮ್ಮ ಕಾರ್ಯಕ್ರಮವನ್ನು ತೆರೆದು, ಅದರಲ್ಲಿ ಮೀಟರುಗಳು ಎಷ್ಟಿವೆ ಎಂದು ನೋಡಿರಿ.